ಮುಖ ತೋರಿಸದೆ ಆಗುಂಬೆಯ ಮಳೆಯನ್ನು ವಿವರಿಸಿದ ಬಗೆ

ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿ.ಮೀ.ಗಿಂತ ಹೆಚ್ಚು ಮಳೆಯಾಗುತ್ತದೆ; ಅಲ್ಲಿಂದ ಈಶಾನ್ಯಕ್ಕೆ ನೇರ ಅಳತೆಯಲ್ಲಿ ಸುಮಾರು 160 ಕಿ.ಮೀ. ದೂರದಲ್ಲಿರುವ ಚಿತ್ರದುರ್ಗದಲ್ಲಿ 600 ಮಿ.ಮೀ. ಆಸುಪಾಸಿನಷ್ಟು ಮಾತ್ರ. ಈ ಅಂತರಕ್ಕೆ ಕಾರಣವನ್ನು ಹೈಸ್ಕೂಲು ವಿದ್ಯಾರ್ಥಿಗಳಿಗೆ ತಿಳಿಯುವಂತೆ ಆರು ನಿಮಿಷಗಳಲ್ಲಿ ಹೇಳುವ ವಿಡಿಯೊವೊಂದನ್ನು ನಾನು ಮಾಡಿದೆ. ಅದರಲ್ಲಿ ನನ್ನ ಮುಖ ಎಲ್ಲಿಯೂ ಕಾಣುವುದಿಲ್ಲ; ಇರುವುದು ನನ್ನ ಧ್ವನಿ, ಉಚಿತವಾಗಿ ಸಿಗುವ ವಿಡಿಯೊ ತುಣುಕುಗಳು ಮತ್ತು ನಾನೇ ಬರೆದ ಕೆಲವು ರೇಖಾಚಿತ್ರಗಳು.

ಇಂಥ ವಿಡಿಯೊದಲ್ಲಿ ಧ್ವನಿಯೇ ಮೊದಲು ಸಿದ್ಧವಾಗಬೇಕು ಎಂಬುದು ನನ್ನ ದೃಢವಾದ ಅಭಿಪ್ರಾಯ. ದೃಶ್ಯಗಳನ್ನು ಮೊದಲು ಜೋಡಿಸಿ ಆಮೇಲೆ ಮಾತು ಸೇರಿಸಿದರೆ, ತುಣುಕು ಮುಗಿಯುವವರೆಗೆ ಎಳೆಯಲೆಂದೇ ಅನಗತ್ಯ ವಾಕ್ಯಗಳು ನುಸುಳುತ್ತವೆ. ಕನ್ನಡದ ಪದಗಳು ವಿಭಕ್ತಿ ಪ್ರತ್ಯಯಗಳನ್ನು ಹೊತ್ತು ಉದ್ದವಾಗಿರುವುದರಿಂದ, ನಿಧಾನವಾಗಿ ವಿವರಿಸುವ ನನ್ನ ಧಾಟಿಯಲ್ಲಿ ನಿಮಿಷಕ್ಕೆ ನೂರು ಪದಗಳಷ್ಟೇ ಹಿಡಿಸುತ್ತವೆ. ಆದ್ದರಿಂದ ಆರು ನಿಮಿಷಕ್ಕೆ ಆರುನೂರು ಪದಗಳೆಂದು ಲೆಕ್ಕ ಹಾಕಿ ಬರಹವನ್ನು ಸಿದ್ಧಪಡಿಸಿ, ಗಟ್ಟಿಯಾಗಿ ಓದಿ ನೋಡಿ, ಒಂದೇ ಉಸಿರಿನಲ್ಲಿ ಹೇಳಲಾಗದ ವಾಕ್ಯಗಳನ್ನು ಎರಡಾಗಿ ಒಡೆದೆ.

ಧ್ವನಿಮುದ್ರಣಕ್ಕೆ ನಾನು ಬಳಸುವುದು ಮಲಗುವ ಕೋಣೆಯನ್ನೇ, ಏಕೆಂದರೆ ಹಾಸಿಗೆ, ಪರದೆ ಮತ್ತು ಬಟ್ಟೆಗಳು ಪ್ರತಿಧ್ವನಿಯನ್ನು ಹೀರಿಕೊಳ್ಳುತ್ತವೆ. ಮೈಕನ್ನು ಬಾಯಿಯಿಂದ ಒಂದು ಗೇಣು ದೂರದಲ್ಲಿ, ನೇರವಾಗಿ ಎದುರಿಗಲ್ಲದೆ ತುಸು ಪಕ್ಕಕ್ಕೆ ಇಡುತ್ತೇನೆ. ಇಲ್ಲದಿದ್ದರೆ ‘ಪ’, ‘ಫ’, ‘ಭ’ ಅಕ್ಷರಗಳ ಗಾಳಿ ಮೈಕಿಗೆ ಬಡಿದು ‘ಧಪ್’ ಎಂದು ಕೇಳಿಸುತ್ತದೆ. ಆಡಾಸಿಟಿಯಲ್ಲಿ ತಡವರಿಕೆಗಳನ್ನು ಕತ್ತರಿಸಿದ ಮೇಲೆ, ಈ ಒಂದು ಆದೇಶದಿಂದ ಶಬ್ದದ ಮಟ್ಟವನ್ನು ಸರಿಪಡಿಸುತ್ತೇನೆ:

```
ffmpeg -i voice.wav -af loudnorm=I=-14:TP=-1.5:LRA=11 -ar 48000 voice_final.wav
```

ಆದೇಶದಲ್ಲಿರುವ I=-14 ಎಂಬುದು ಧ್ವನಿ ಒಟ್ಟಾರೆ ಎಷ್ಟು ಜೋರಾಗಿರಬೇಕು ಎಂಬುದರ LUFS ಅಳತೆ. ಯೂಟ್ಯೂಬ್ ಹೆಚ್ಚು ಜೋರಾಗಿರುವ ಧ್ವನಿಯನ್ನು ಈ -14ರ ಆಸುಪಾಸಿಗೆ ತಗ್ಗಿಸುತ್ತದೆ, ಆದರೆ ತೀರಾ ಮೆಲ್ಲಗಿರುವುದನ್ನು ಸಾಮಾನ್ಯವಾಗಿ ಏರಿಸುವುದಿಲ್ಲ. ಆದ್ದರಿಂದ ಧ್ವನಿ ಮೆಲ್ಲಗೆ ಉಳಿಯದಂತೆ ನೋಡಿಕೊಳ್ಳುವ ಹೊಣೆ ನಮ್ಮದೇ.

ಇಲ್ಲಿಂದ ಮುಂದೆ ನಾನು ಮಾಡುವ ಕೆಲಸವೇ ಇಡೀ ವಿಡಿಯೊದ ಬೆನ್ನೆಲುಬು. ಬರಹವನ್ನು ಮುಂದಿಟ್ಟುಕೊಂಡು ಪ್ರತಿ ವಾಕ್ಯದ ಅಂಚಿನಲ್ಲಿ ‘ಸ್ಥಳ’ ಅಥವಾ ‘ಕ್ರಿಯೆ’ ಎಂದು ಗುರುತು ಹಾಕುತ್ತೇನೆ. ಆಗುಂಬೆಯ ಕಾಡು, ಒದ್ದೆಯಾದ ರಸ್ತೆ, ಚಿತ್ರದುರ್ಗದ ಬಂಡೆಗಳು ಇವೆಲ್ಲ ಸ್ಥಳಗಳಾದ್ದರಿಂದ ಅಲ್ಲಿ ವಿಡಿಯೊ ತುಣುಕು ಬರುತ್ತದೆ. ಗಾಳಿ ಏರುವುದು, ತಣ್ಣಗಾಗುವುದು, ತೇವ ಕಳೆದುಕೊಂಡು ಆಚೆ ಬದಿಗೆ ಇಳಿಯುವುದು ಇವೆಲ್ಲ ಕ್ರಿಯೆಗಳು. ಕ್ಯಾಮೆರಾ ಇವನ್ನು ಹಿಡಿಯಲಾರದು, ಹಾಗಾಗಿ ಅಲ್ಲಿ ರೇಖಾಚಿತ್ರವೇ ಬೇಕು. ‘ಗಾಳಿ ಮೇಲೇರಿದಂತೆ ಅದರ ಮೇಲಿನ ಒತ್ತಡ ಕಡಿಮೆಯಾಗಿ ಅದು ಹಿಗ್ಗುತ್ತದೆ’ ಎಂಬ ಮಾತಿನ ಹಿಂದೆ ಮೋಡಗಳ ಸುಂದರ ದೃಶ್ಯ ಓಡುತ್ತಿದ್ದರೆ, ನೋಡುಗರ ಕಣ್ಣು ಮೋಡದ ಮೇಲಿರುತ್ತದೆ, ಒತ್ತಡದ ಮಾತು ಕಿವಿಯಿಂದ ಜಾರಿ ಹೋಗುತ್ತದೆ.

ಮುಖ್ಯ ರೇಖಾಚಿತ್ರ ಕರಾವಳಿಯಿಂದ ಚಿತ್ರದುರ್ಗದವರೆಗಿನ ಅಡ್ಡಕೊಯ್ತ. ಇದರಲ್ಲಿ ಪ್ರಮಾಣದ ಪ್ರಶ್ನೆಯೊಂದಿದೆ. ಒಟ್ಟು ಅಂತರ ಸುಮಾರು 200 ಕಿ.ಮೀ.; ಪರದೆಯ ಅಗಲ 1920 ಪಿಕ್ಸೆಲ್. ಆಗುಂಬೆಯ ಎತ್ತರ ಸುಮಾರು 640 ಮೀಟರ್ ಆಗಿರುವುದರಿಂದ, ನಿಜವಾದ ಪ್ರಮಾಣದಲ್ಲಿ ಬರೆದರೆ ಘಟ್ಟದ ಎತ್ತರ ಆರೇ ಪಿಕ್ಸೆಲ್ ಬರುತ್ತದೆ, ಅಂದರೆ ಒಂದು ದಪ್ಪ ಗೆರೆಯಷ್ಟು. ಹೀಗಾಗಿ ಎತ್ತರವನ್ನು ಐವತ್ತು ಪಟ್ಟು ಹಿಗ್ಗಿಸಿ 300 ಪಿಕ್ಸೆಲ್ ಮಾಡಿದೆ ಮತ್ತು ‘ಎತ್ತರವನ್ನು ಹಿಗ್ಗಿಸಿ ತೋರಿಸಲಾಗಿದೆ’ ಎಂದು ಚಿತ್ರದಲ್ಲಿಯೇ ಬರೆದೆ. ಈ ಸಾಲನ್ನು ಬಿಟ್ಟರೆ ಮಕ್ಕಳ ಮನಸ್ಸಿನಲ್ಲಿ ಘಟ್ಟವು ಗೋಡೆಯಂತೆ ನಿಂತುಬಿಡುತ್ತದೆ.

ಚಿತ್ರವನ್ನು ಇಂಕ್‌ಸ್ಕೇಪ್‌ನಲ್ಲಿ ಬರೆದು ಸಮುದ್ರ, ನೆಲ, ಬಾಣಗಳು, ಮೋಡ, ಅಕ್ಷರಗಳು ಹೀಗೆ ಪ್ರತಿಯೊಂದನ್ನೂ ಪ್ರತ್ಯೇಕ ಪದರವಾಗಿ, ಹಿನ್ನೆಲೆಯಿಲ್ಲದ ಪಿಎನ್‌ಜಿ ಕಡತಗಳಾಗಿ ಹೊರತೆಗೆದೆ. ಕನ್ನಡದ ಅಕ್ಷರಗಳನ್ನೂ ಚಿತ್ರವಾಗಿಯೇ ಒಯ್ಯುವುದಕ್ಕೆ ಕಾರಣವಿದೆ. ಕೆಲವು ಸಂಕಲನ ತಂತ್ರಾಂಶಗಳ ಶೀರ್ಷಿಕೆ ಸೌಲಭ್ಯದಲ್ಲಿ ಒತ್ತಕ್ಷರಗಳು ಕೂಡಿಕೊಳ್ಳದೆ, ‘ಘಟ್ಟ’ ಎಂಬುದು ‘ಘಟ್‌ಟ’ ಎಂದು ಒಡೆದು ಬರುತ್ತದೆ. ಚಿತ್ರವಾಗಿ ಒಯ್ದರೆ ಈ ತೊಂದರೆಯೇ ಇರುವುದಿಲ್ಲ.

ಪದರಗಳು ಪರದೆಗೆ ಬರುವ ಕ್ಷಣವನ್ನು ನಾನು ಬಹಳ ಎಚ್ಚರದಿಂದ ಗೊತ್ತುಮಾಡುತ್ತೇನೆ. ‘ಅರಬ್ಬೀ ಸಮುದ್ರದಿಂದ ಬಂದ ತೇವಭರಿತ ಗಾಳಿ ಘಟ್ಟಕ್ಕೆ ತಡೆದು ಮೇಲಕ್ಕೆ ಏರುತ್ತದೆ’ ಎಂಬ ವಾಕ್ಯವನ್ನೇ ನೋಡಿ. ಕನ್ನಡದಲ್ಲಿ ಕ್ರಿಯಾಪದ ಕೊನೆಗೆ ಬರುವುದರಿಂದ, ವಾಕ್ಯ ಆರಂಭವಾದಾಗಲೇ ಬಾಣ ಮೇಲಕ್ಕೆ ಹೊರಟರೆ ಕಣ್ಣು ಕಿವಿಗಿಂತ ಮೂರು ನಾಲ್ಕು ಸೆಕೆಂಡು ಮುಂದೆ ಓಡಿರುತ್ತದೆ. ಆದ್ದರಿಂದ ‘ಸಮುದ್ರ’ ಎಂದಾಗ ನೀಲಿ ಭಾಗ ಮಾತ್ರ, ‘ಗಾಳಿ’ ಎಂದಾಗ ಅಡ್ಡ ಬಾಣ, ‘ತಡೆದು’ ಎಂದಾಗ ಅದು ಇಳಿಜಾರಿನ ಬುಡ ಮುಟ್ಟುವುದು, ‘ಏರುತ್ತದೆ’ ಎಂದಾಗಲಷ್ಟೇ ಮೇಲ್ಮುಖವಾದ ಬಾಣ. ಮುಂದಿನ ವಾಕ್ಯದಲ್ಲಿ, ಮೋಡ ಕಟ್ಟುವ ಮೊದಲು ಪ್ರತಿ 100 ಮೀಟರ್ ಏರಿಕೆಗೆ ಗಾಳಿ ಸುಮಾರು 1 ಡಿಗ್ರಿ ಸೆಲ್ಸಿಯಸ್ ತಣ್ಣಗಾಗುತ್ತದೆ ಎನ್ನುವಾಗ, ಬಾಣದ ಪಕ್ಕದಲ್ಲಿ ಆ ಒಂದು ಸಂಖ್ಯೆ ಮಾತ್ರ ಕಾಣಿಸಿಕೊಳ್ಳುತ್ತದೆ. ಒಂದು ಹೊತ್ತಿಗೆ ಒಂದೇ ಹೊಸ ವಸ್ತು ಪರದೆಗೆ ಬರಬೇಕು ಎಂಬ ನಿಯಮವನ್ನು ನಾನು ಸಡಿಲಿಸುವುದಿಲ್ಲ.

ತುಣುಕುಗಳ ಆಯ್ಕೆಯಲ್ಲಿ ಬೇಕಾಗುವುದು ಪ್ರಾಮಾಣಿಕತೆ. ಪೆಕ್ಸೆಲ್ಸ್, ಪಿಕ್ಸಾಬೇಗಳಲ್ಲಿ ಮಳೆಕಾಡು ಎಂದು ಹುಡುಕಿದರೆ ಬೇರೆ ದೇಶಗಳ ಕಾಡುಗಳು ಧಾರಾಳವಾಗಿ ಸಿಗುತ್ತವೆ. ಸೂಜಿ ಎಲೆಯ ಮರಗಳು, ರಸ್ತೆಯ ಬಲಬದಿಯಲ್ಲಿ ಸಾಗುವ ವಾಹನ, ಮನೆಯ ಮಾಡಿನ ಆಕಾರ ಇವುಗಳಲ್ಲಿ ಒಂದು ಕಂಡರೂ ಮಲೆನಾಡಿನವರು ಅದು ತಮ್ಮ ಊರಲ್ಲವೆಂದು ತಕ್ಷಣ ಗುರುತಿಸುತ್ತಾರೆ, ಆಮೇಲೆ ನಮ್ಮ ವಿವರಣೆಯನ್ನೂ ನಂಬುವುದಿಲ್ಲ. ಮಾತಿನಲ್ಲಿ ಊರಿನ ಹೆಸರು ಬಂದರೆ ಆ ಊರಿನದೇ ದೃಶ್ಯ ಇರಬೇಕು, ಸಿಗದಿದ್ದರೆ ಭೂಪಟ ಹಾಕಬೇಕು. ಎಲೆಯ ಮೇಲಿನ ಹನಿ, ಅಲೆ, ಕಪ್ಪು ಮೋಡ ಇಂಥ ಹತ್ತಿರದ ದೃಶ್ಯಗಳನ್ನು ಮಾತ್ರ ಎಲ್ಲಿಂದಲಾದರೂ ತರಬಹುದು. ವಿಕಿಮೀಡಿಯ ಕಾಮನ್ಸ್‌ನಿಂದ ಆರಿಸಿದ ಚಿತ್ರಗಳಲ್ಲಿ ಅನೇಕವು CC BY-SA ಪರವಾನಗಿಯವು. ಅವುಗಳಿಗೆ ಛಾಯಾಗ್ರಾಹಕರ ಹೆಸರು, ಪರವಾನಗಿಯ ಕೊಂಡಿ ಮತ್ತು ಮಾಡಿದ ಬದಲಾವಣೆಯನ್ನು ವಿಡಿಯೊದ ವಿವರಣೆಯಲ್ಲಿ ಕೊಡಲೇಬೇಕು. ಇಳಿಸಿಕೊಂಡ ದಿನವೇ ಇವನ್ನು ಒಂದು ಪಟ್ಟಿಯಲ್ಲಿ ಬರೆದಿಡದಿದ್ದರೆ ಆಮೇಲೆ ಮೂಲವನ್ನು ಹುಡುಕುವುದು ಬಹಳ ಕಷ್ಟ.

ಜೋಡಣೆಯನ್ನು ಕೆಡೆನ್‌ಲೈವ್‌ನಲ್ಲಿ, ಸೆಕೆಂಡಿಗೆ 30 ಚೌಕಟ್ಟುಗಳ ಯೋಜನೆಯಾಗಿ ಮಾಡಿದೆ. 24 ಚೌಕಟ್ಟುಗಳ ತುಣುಕಿನಲ್ಲಿ ಕ್ಯಾಮೆರಾ ಅಡ್ಡಲಾಗಿ ಚಲಿಸುತ್ತಿದ್ದರೆ ಅದು ಇಲ್ಲಿ ಎಡವಿದಂತೆ ಕಾಣುತ್ತದೆ. ಹಾಗಾಗಿ ಅಂಥವುಗಳಲ್ಲಿ ಕ್ಯಾಮೆರಾ ನಿಶ್ಚಲವಾಗಿರುವುದನ್ನು ಮಾತ್ರ ಇಟ್ಟುಕೊಂಡೆ.

ಕೊನೆಯಲ್ಲಿ ಎರಡು ಬಾರಿ ಪರೀಕ್ಷಿಸುತ್ತೇನೆ. ಮೊದಲು ಪರದೆ ನೋಡದೆ ಕೇಳುತ್ತೇನೆ; ‘ಇಲ್ಲಿ ಕಾಣುವಂತೆ’ ಎಂಬಂಥ ಮಾತಿನ ಬಲದ ಮೇಲೆ ನಿಂತ, ಕಾರಣವನ್ನೇ ಹೇಳದ ವಾಕ್ಯಗಳು ಆಗ ಸಿಕ್ಕಿಬೀಳುತ್ತವೆ. ಆಮೇಲೆ ಧ್ವನಿ ತೆಗೆದು ಮೊಬೈಲಿನಲ್ಲಿ ನೋಡುತ್ತೇನೆ. ಅಕ್ಷರಗಳ ಗಾತ್ರ ಸಾಲದೆ ಒತ್ತುಗಳು ಮಸುಕಾಗಿದ್ದರೆ, ಅಥವಾ ಪರದೆಯ ಕೆಳಭಾಗಕ್ಕೆ ಬರುವ ಉಪಶೀರ್ಷಿಕೆಯಡಿ ಚಿತ್ರದ ಬರಹ ಮುಚ್ಚಿಹೋಗುವಂತಿದ್ದರೆ, ಅಲ್ಲಿಯೇ ತಿಳಿಯುತ್ತದೆ. ಆಗುಂಬೆಯ ವಿಡಿಯೊಗೆ ಇವೆರಡರ ನಂತರ ಒಂದು ವಾಕ್ಯವನ್ನು ಸೇರಿಸಿದೆ: ಈ ಚಿತ್ರ ವಿವರಿಸುವುದು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನೈಋತ್ಯ ಮುಂಗಾರನ್ನು ಮಾತ್ರ, ಚಿತ್ರದುರ್ಗಕ್ಕೆ ಅಕ್ಟೋಬರ್‌ನಲ್ಲಿ ಬರುವ ಹಿಂಗಾರು ಮಳೆಗೆ ಬೇರೆ ಚಿತ್ರವೇ ಬೇಕು.