ಕಥನದಿಂದ ಕಾಲಾನುಕ್ರಮ ಪಟ್ಟಿ: ಮಂಗಳೂರು ಕೋಟೆಯ ಮುತ್ತಿಗೆಯನ್ನೇ ಇಟ್ಟುಕೊಂಡು

ಇತಿಹಾಸದ ಅಸೈನ್‌ಮೆಂಟಿನಲ್ಲಿ 'ಘಟನೆಗಳ ಕಾಲಾನುಕ್ರಮ ಪಟ್ಟಿ ಕೊಡಿ' ಎಂದಿದ್ದರೆ ಹೆಚ್ಚಿನವರು ಅಧ್ಯಾಯದಲ್ಲಿ ಇಸವಿ ಕಂಡಲ್ಲೆಲ್ಲ ಗೆರೆ ಎಳೆದು, ಅಷ್ಟನ್ನೇ ಎತ್ತಿ ಬರೆದುಬಿಡುತ್ತಾರೆ. ಹಾಗೆ ಮಾಡಿದರೆ ಅರ್ಧ ಘಟನೆಗಳು ಕೈಬಿಡುತ್ತವೆ. ಕಥನದಲ್ಲಿ ಕಾಲವನ್ನು ಹೇಳುವುದು ಅಂಕಿಗಳು ಮಾತ್ರವಲ್ಲ. 'ಅಷ್ಟರಲ್ಲಿ', 'ಮಳೆ ಹಿಡಿದ ಮೇಲೆ', 'ಮರು ವರ್ಷ', 'ಇದಕ್ಕೂ ಮೊದಲು' ಎಂಬಂಥ ಮಾತುಗಳೂ ಹೇಳುತ್ತವೆ. ಇವನ್ನು ದಿನಾಂಕಕ್ಕೆ ಇಳಿಸುವುದೇ ನಿಜವಾದ ಕೆಲಸ.

ಮಾದರಿಗಾಗಿ ಎರಡನೇ ಆಂಗ್ಲೋ-ಮೈಸೂರು ಯುದ್ಧದ ಮಂಗಳೂರು ಮುತ್ತಿಗೆಯನ್ನು ತೆಗೆದುಕೊಳ್ಳೋಣ. ಹಳೆಯ ಇತಿಹಾಸ ಪುಸ್ತಕಗಳ ಧಾಟಿಯಲ್ಲಿ ಈ ಲೇಖನಕ್ಕೆಂದೇ ಬರೆದ ಎಂಟು ವಾಕ್ಯಗಳು ಇಲ್ಲಿವೆ. ನಿಮ್ಮ ಮೂಲ ನಲವತ್ತು ಪುಟದ್ದಾದರೂ ವಿಧಾನ ಇದೇ.

(1) 1783ರ ಮಾರ್ಚ್ 9ರಂದು ಮಂಗಳೂರು ಇಂಗ್ಲಿಷರ ಜನರಲ್ ಮ್ಯಾಥ್ಯೂಸ್‌ನ ಕೈವಶವಾಯಿತು. (2) ಬಿದನೂರನ್ನು ಮರಳಿ ಗೆದ್ದ ಟಿಪ್ಪು ಘಟ್ಟ ಇಳಿದು ಬಂದು, ಮೇ ತಿಂಗಳ ಉತ್ತರಾರ್ಧದಲ್ಲಿ ಕೋಟೆಗೆ ಮುತ್ತಿಗೆ ಹಾಕಿದ. (3) ಒಳಗೆ ಇಂಗ್ಲಿಷ್ ಅಧಿಕಾರಿ ಕ್ಯಾಂಪ್‌ಬೆಲ್‌ನ ಪಡೆ ಪಟ್ಟು ಬಿಡದೆ ನಿಂತಿತು. (4) ಮಳೆಗಾಲದ ನಡುವೆ, ಯುರೋಪಿನಲ್ಲಿ ಇಂಗ್ಲಿಷರಿಗೂ ಫ್ರೆಂಚರಿಗೂ ರಾಜಿಯಾದ ಸುದ್ದಿ ಬಂದು, ಟಿಪ್ಪುವಿನ ಜೊತೆಗಿದ್ದ ಫ್ರೆಂಚರು ಕಾದಾಟದಿಂದ ಹಿಂದೆ ಸರಿದರು. (5) ಆಗಸ್ಟ್ 2ರಂದು ಕದನವಿರಾಮವಾಯಿತು. (6) ದಿನಸಿ ಮುಗಿಯುತ್ತ ಬಂದು, ರೋಗ ಹಬ್ಬಿ, ಮುಂದಿನ ವರ್ಷ ಜನವರಿ 30ಕ್ಕೆ ಪಡೆ ಕೋಟೆ ಬಿಟ್ಟುಕೊಟ್ಟಿತು. (7) ಇದಾಗಿ ಸುಮಾರು ಆರು ವಾರಕ್ಕೆ ಮಂಗಳೂರು ಸಂಧಿಗೆ ಸಹಿ ಬಿತ್ತು. (8) ಹೈದರಾಲಿ ತೀರಿಕೊಂಡು ಆಗ ಹದಿನೈದು ತಿಂಗಳು ಕಳೆದಿತ್ತು.

ಮೊದಲ ಸುತ್ತು: ಗೆರೆ ಮಾತ್ರ

ಪೆನ್ಸಿಲ್ ಹಿಡಿದು ಓದಿ, ಕಾಲ ಸೂಚಿಸುವ ಪ್ರತಿಯೊಂದು ಮಾತಿಗೂ ಗೆರೆ ಎಳೆಯಿರಿ. ಲೆಕ್ಕ ಹಾಕುವುದು ಈಗ ಬೇಡ. ಕ್ರಿಯಾಪದಗಳ ಮೇಲೂ ಕಣ್ಣಿರಲಿ. ಎರಡನೇ ವಾಕ್ಯದ 'ಮರಳಿ ಗೆದ್ದ' ಎಂಬುದನ್ನು ನೋಡಿ. ವಾಕ್ಯ ಮುತ್ತಿಗೆಯದ್ದು, ಆದರೆ ಅದರ ಹೊಟ್ಟೆಯೊಳಗೆ ಬಿದನೂರಿನ ಇನ್ನೊಂದು ಘಟನೆ ಅಡಗಿದೆ. ಕನ್ನಡದಲ್ಲಿ 'ಗೆದ್ದ', 'ಬಿಟ್ಟುಹೋಗಿದ್ದ' ಎಂದು ಹೆಸರಿನ ಹಿಂದೆ ವಿಶೇಷಣದಂತೆ ಬಂದು ಕೂರುವ ಕ್ರಿಯೆಗಳೇ ಪಟ್ಟಿಯಿಂದ ಸುಲಭವಾಗಿ ಜಾರಿಹೋಗುವುದು. ಮೂರನೇ ವಾಕ್ಯ ಇದಕ್ಕೆ ತದ್ವಿರುದ್ಧ: ಅದರಲ್ಲಿರುವುದು ಒಂದು ಸ್ಥಿತಿ, ಘಟನೆಯಲ್ಲ. ಅದಕ್ಕೆ ಸಾಲು ಬೇಡ.

ಎರಡನೇ ಸುತ್ತು: ಮೂಲದ ಕ್ರಮದಲ್ಲೇ ಸಾಲುಗಳು

ಈಗ ಒಂದು ಘಟನೆಗೆ ಒಂದು ಸಾಲಿನಂತೆ, ಪುಸ್ತಕದಲ್ಲಿ ಬಂದ ಕ್ರಮದಲ್ಲೇ ಬರೆಯಿರಿ. ಆರು ಕಾಲಂ ಸಾಕು: ಮೊದಲ ಮಿತಿ, ಕೊನೆಯ ಮಿತಿ, ಏನಾಯಿತು, ಮೂಲದ ಮಾತು, ಪುಟ, ದಿನಾಂಕ ಹೇಗೆ ಸಿಕ್ಕಿತು. 'ಮೂಲದ ಮಾತು' ಕಾಲಂನಲ್ಲಿ ನಿಮ್ಮ ವಾಕ್ಯ ಹಾಕಬೇಡಿ. 'ಮುಂದಿನ ವರ್ಷ ಜನವರಿ 30ಕ್ಕೆ' ಎಂದಿದ್ದರೆ ಹಾಗೆಯೇ ಇಳಿಸಿ. ಮುಂದೆ ಲೆಕ್ಕ ತಪ್ಪಿತೆಂದು ಅನುಮಾನ ಬಂದಾಗ ಪುಸ್ತಕ ಮತ್ತೆ ತೆರೆಯಬೇಕಾಗುವುದಿಲ್ಲ. ಪುಟಸಂಖ್ಯೆಯನ್ನು ಆಗಿಂದಾಗಲೇ ಹಾಕಿ. ಆಮೇಲೆ ಹುಡುಕುತ್ತೇನೆ ಎಂದವರು ಅರ್ಧ ರಾತ್ರಿ ಅದಕ್ಕೇ ಕಳೆಯುತ್ತಾರೆ.

ಎರಡು ಮಿತಿ ಯಾಕೆ? 'ಮೇ ಉತ್ತರಾರ್ಧ' ಎಂಬುದು ಒಂದು ದಿನವಲ್ಲ, 16ರಿಂದ 31ರವರೆಗಿನ ಹದಿನಾರು ದಿನ. ಒಂದೇ ಕಾಲಂ ಇದ್ದರೆ ಕೈ ತಾನಾಗಿಯೇ 'ಮೇ 20' ಎಂದೋ 'ಮೇ 25' ಎಂದೋ ಬರೆದುಬಿಡುತ್ತದೆ. ಮೇ 20 ಎಂದು ಕೊಡುವ ಪುಸ್ತಕಗಳು ಇವೆ, ನಿಜ. ಆದರೆ ಅದು ಆ ಪುಸ್ತಕದ ಮಾತು, ನಿಮ್ಮ ಮೂಲದ್ದಲ್ಲ. ಖಚಿತ ದಿನ ಸಿಕ್ಕಿದಲ್ಲಿ ಎರಡೂ ಕಾಲಂನಲ್ಲಿ ಅದೇ ದಿನಾಂಕ ಹಾಕಿ.

ಸಾಪೇಕ್ಷ ಮಾತುಗಳನ್ನು ಬಿಡಿಸುವುದು

ನಾಲ್ಕನೇ ವಾಕ್ಯದ 'ಮಳೆಗಾಲದ ನಡುವೆ' ಎಂಬುದನ್ನು ನೋಡಿ. ನಮ್ಮ ಕರಾವಳಿಯಲ್ಲಿ ಮಳೆಗಾಲವೆಂದರೆ ಜೂನ್‌ನಿಂದ ಸೆಪ್ಟೆಂಬರ್. ಆದರೆ ಐದನೇ ವಾಕ್ಯದ ಕದನವಿರಾಮ ಇದರ ನಂತರ ನಡೆದದ್ದು, ಅದರ ದಿನಾಂಕ ಖಚಿತವಾಗಿ ಆಗಸ್ಟ್ 2. ಹಾಗಾಗಿ ಕೊನೆಯ ಮಿತಿ ಸೆಪ್ಟೆಂಬರಿನಿಂದ ಆಗಸ್ಟ್ 2ಕ್ಕೆ ಇಳಿಯಿತು. ಅಸ್ಪಷ್ಟ ಮಾತನ್ನು ಅಕ್ಕಪಕ್ಕದ ಖಚಿತ ದಿನಾಂಕಗಳಿಂದ ಬಿಗಿ ಮಾಡುವುದು ಹೀಗೆ.

ಇದೇ ವಾಕ್ಯದಲ್ಲಿ ಇನ್ನೊಂದು ಬಲೆಯಿದೆ. 'ಜುಲೈ 1783: ಇಂಗ್ಲಿಷರಿಗೂ ಫ್ರೆಂಚರಿಗೂ ಶಾಂತಿ' ಎಂದು ಬರೆದರೆ ತಪ್ಪು. ಮಳೆಗಾಲದಲ್ಲಿ ಆದದ್ದು ಶಾಂತಿಯಲ್ಲ, ಸುದ್ದಿ ಮುಟ್ಟಿದ್ದು. ಪ್ರಾಥಮಿಕ ಒಪ್ಪಂದಕ್ಕೆ ವರ್ಸೈಲ್ಸ್‌ನಲ್ಲಿ ಸಹಿ ಬಿದ್ದದ್ದು 1783ರ ಜನವರಿ 20ಕ್ಕೆ. ಹಡಗಿನಲ್ಲಿ ಸುದ್ದಿ ಬರುವಷ್ಟರಲ್ಲಿ ತಿಂಗಳುಗಳೇ ಕಳೆದವು. ಜೂನ್‌ನಲ್ಲಿ ಕಡಲೂರಿನಲ್ಲಿ ಇಂಗ್ಲಿಷರೂ ಫ್ರೆಂಚರೂ ಇನ್ನೂ ಹೊಡೆದಾಡುತ್ತಲೇ ಇದ್ದರು. ಘಟನೆ ಮತ್ತು ಅದರ ಸುದ್ದಿಯನ್ನು ಒಂದೇ ಸಾಲಿಗೆ ತುರುಕಿದರೆ, ಶಾಂತಿಯಾದ ಮೇಲೂ ಯಾಕೆ ಕಾದಾಡಿದರು ಎಂಬ ಪ್ರಶ್ನೆಗೆ ನಿಮ್ಮ ಪಟ್ಟಿ ಉತ್ತರ ಕೊಡುವುದಿಲ್ಲ. ತಂತಿ ಬರುವ ಮೊದಲಿನ ಯಾವ ಕಾಲದ ಕಥನವಾದರೂ ಸರಿ, 'ತಿಳಿಯಿತು', 'ಸುದ್ದಿ ಬಂತು' ಎಂದಿದ್ದಲ್ಲಿ ಎರಡು ಸಾಲು ಮಾಡಿ.

ಏಳನೇ ವಾಕ್ಯಕ್ಕೆ ಲೆಕ್ಕ ಬೇಕು. 1784ರ ಜನವರಿ 30ಕ್ಕೆ ಆರು ವಾರ, ಅಂದರೆ 42 ದಿನ ಕೂಡಿಸಬೇಕು. 1784 ಅಧಿಕ ವರ್ಷ, ಫೆಬ್ರವರಿಗೆ 29 ದಿನ. ಹಾಗಾಗಿ ಮಾರ್ಚ್ 12 ಬರುತ್ತದೆ. ಅದನ್ನು ಮರೆತರೆ ಮಾರ್ಚ್ 13. ಸಂಧಿಗೆ ನಿಜವಾಗಿ ಸಹಿ ಬಿದ್ದದ್ದು ಮಾರ್ಚ್ 11ಕ್ಕೆ. 'ಸುಮಾರು' ಎಂದವನು ಒಂದು ದಿನ ಆಚೀಚೆ ಆದದ್ದು ತಪ್ಪೇನಲ್ಲ. ಆದರೆ ನೀವು ಮಾರ್ಚ್ 12 ಎಂದು ಖಚಿತವಾಗಿ ಬರೆದಿದ್ದರೆ ತಪ್ಪು ನಿಮ್ಮದಾಗುತ್ತಿತ್ತು. ವಾರಗಳಲ್ಲಿ ಹೇಳಿದ ಅವಧಿಗೆ ಆಚೀಚೆ ಒಂದು ವಾರ, ತಿಂಗಳಲ್ಲಿ ಹೇಳಿದ್ದಕ್ಕೆ ಇಡೀ ತಿಂಗಳು ಬಿಡುವುದು ಒಳ್ಳೆಯ ರೂಢಿ.

ಎಂಟನೇ ವಾಕ್ಯ ಹಿಂದಕ್ಕೆ ಹೋಗುತ್ತದೆ. ಸಂಧಿಯಿಂದ ಹದಿನೈದು ತಿಂಗಳು ಹಿಂದೆ ಎಣಿಸಿದರೆ 1782ರ ಡಿಸೆಂಬರ್. ಹೈದರಾಲಿ ತೀರಿಕೊಂಡದ್ದು 1782ರ ಡಿಸೆಂಬರ್ 7ಕ್ಕೆ, ಹಾಗಾಗಿ ಸರಿಯಾಗಿಯೇ ಕೂತಿದೆ. ಆದರೆ ಇದು ಏಳನೇ ವಾಕ್ಯಕ್ಕೆ ಜೋತುಬಿದ್ದಿದೆ, ಏಳನೆಯದು ಆರಕ್ಕೆ. ಆರನೆಯದರ 'ಮುಂದಿನ ವರ್ಷ'ವನ್ನು 1785 ಎಂದು ಎಣಿಸಿದಿರೋ, ಹೈದರಾಲಿ ಒಂದು ವರ್ಷ ತಡವಾಗಿ ಸಾಯುತ್ತಾನೆ. ಆದ್ದರಿಂದ ಕೊನೆಯ ಕಾಲಂನಲ್ಲಿ ಬರೇ 'ಲೆಕ್ಕ' ಎಂದು ಬರೆಯದೆ 'ವಾಕ್ಯ 7ರಿಂದ ಲೆಕ್ಕ' ಎಂದು ಬರೆಯಿರಿ.

ಮೂರನೇ ಸುತ್ತು: ಜೋಡಿಸುವುದು

ಎಕ್ಸೆಲ್‌ನಲ್ಲಿ ಮಾಡುವವರು ಇಲ್ಲಿ ಎಡವುತ್ತಾರೆ. ಎಕ್ಸೆಲ್‌ಗೆ 1900ಕ್ಕಿಂತ ಹಿಂದಿನ ದಿನಾಂಕ ದಿನಾಂಕವೇ ಅಲ್ಲ, ಬರೇ ಅಕ್ಷರ. `30-01-1784` ಎಂಬ ರೂಪದಲ್ಲಿ ಟೈಪ್ ಮಾಡಿ ಸಾರ್ಟ್ ಕೊಟ್ಟರೆ ಮೊದಲ ಎರಡು ಅಂಕಿ ನೋಡಿ ಜೋಡಿಸುತ್ತದೆ: ಕದನವಿರಾಮ (02-08-1783) ಮೇಲೆ, ಮಂಗಳೂರು ಮ್ಯಾಥ್ಯೂಸ್ ವಶವಾದದ್ದು (09-03-1783) ಅದರ ಕೆಳಗೆ, ಸಂಧಿ (11-03-1784) ಆಮೇಲೆ, ಶರಣಾಗತಿ (30-01-1784) ಎಲ್ಲಕ್ಕಿಂತ ಕೆಳಗೆ. ಕಾಲಂನ್ನು ಮೊದಲೇ `Text` ಮಾಡಿಟ್ಟು, ವರ್ಷ-ತಿಂಗಳು-ದಿನ ಕ್ರಮದಲ್ಲಿ `1784-01-30` ಎಂದು ಬರೆದರೆ ಈ ತೊಂದರೆ ಇಲ್ಲ.

ಇನ್ನೊಂದು ಸೂಕ್ಷ್ಮ. ಯಾವ ಮಿತಿಯಿಂದ ಸಾರ್ಟ್ ಮಾಡಬೇಕು? ಬಿದನೂರು ಇಂಗ್ಲಿಷರ ಕೈಸೇರಿದ್ದು 1783ರ ಜನವರಿಯಲ್ಲಿ. ಟಿಪ್ಪು ಅದನ್ನು ಮರಳಿ ಪಡೆದದ್ದು ಅದಾದ ಮೇಲೆ, ಮುತ್ತಿಗೆಗೆ ಮೊದಲು. ಇಷ್ಟೇ ಗೊತ್ತಿದ್ದರೆ ಮಿತಿ ಜನವರಿಯಿಂದ ಮೇ ಕೊನೆಯವರೆಗೆ. ಮೊದಲ ಮಿತಿಯಿಂದ ಸಾರ್ಟ್ ಮಾಡಿದರೆ ಈ ಸಾಲು ಮಾರ್ಚ್ 9ರ ಮೇಲಕ್ಕೆ ಹಾರಿ, ಇಂಗ್ಲಿಷರು ಮಂಗಳೂರು ಹಿಡಿಯುವ ಮೊದಲೇ ಟಿಪ್ಪು ಬಿದನೂರು ಗೆದ್ದಂತೆ ಕಾಣುತ್ತದೆ. ಕೊನೆಯ ಮಿತಿಯಿಂದ, ಅದು ಸಮವಾದಲ್ಲಿ ಮೊದಲ ಮಿತಿಯಿಂದ ಜೋಡಿಸಿದರೆ ಹೀಗೆ ಬರುತ್ತದೆ:

| ಮೊದಲ ಮಿತಿ | ಕೊನೆಯ ಮಿತಿ | ಏನಾಯಿತು | ವಾಕ್ಯ | ಹೇಗೆ ಸಿಕ್ಕಿತು |
|---|---|---|---|---|
| 1782-12-01 | 1782-12-31 | ಹೈದರಾಲಿ ಸಾವು | 8 | ವಾಕ್ಯ 7ರಿಂದ ಲೆಕ್ಕ |
| 1783-03-09 | 1783-03-09 | ಮಂಗಳೂರು ಮ್ಯಾಥ್ಯೂಸ್ ವಶ | 1 | ನೇರ |
| 1783-01-01 | 1783-05-31 | ಬಿದನೂರು ಮರಳಿ ಟಿಪ್ಪು ವಶ | 2 | ಮುತ್ತಿಗೆಗೆ ಮೊದಲು. ಮೊದಲ ಮಿತಿ ಬೇರೆ ಮೂಲದಿಂದ |
| 1783-05-16 | 1783-05-31 | ಮುತ್ತಿಗೆ ಆರಂಭ | 2 | ಅವಧಿ |
| 1783-06-01 | 1783-08-02 | ರಾಜಿಯ ಸುದ್ದಿ. ಫ್ರೆಂಚರು ಹಿಂದೆ | 4 | ಮಳೆಗಾಲ. ವಾಕ್ಯ 5ರ ಮೊದಲು |
| 1783-08-02 | 1783-08-02 | ಕದನವಿರಾಮ | 5 | ನೇರ |
| 1784-01-30 | 1784-01-30 | ಕೋಟೆ ಬಿಟ್ಟುಕೊಟ್ಟದ್ದು | 6 | ವರ್ಷ ವಾಕ್ಯ 1ರಿಂದ |
| 1784-03-05 | 1784-03-19 | ಮಂಗಳೂರು ಸಂಧಿ | 7 | ವಾಕ್ಯ 6ರಿಂದ ಲೆಕ್ಕ |

ಜಾಗ ಸಾಲದೆಂದು 'ಮೂಲದ ಮಾತು' ಕಾಲಂ ಇಲ್ಲಿ ಬಿಟ್ಟಿದೆ. ವರ್ಸೈಲ್ಸ್ ಒಪ್ಪಂದದ ಸಾಲು ಬೇರೆ ಮೂಲದ್ದಾದ್ದರಿಂದ ಇನ್ನೂ ಸೇರಿಸಿಲ್ಲ. ಬೇರೆ ಪುಸ್ತಕಗಳ ಖಚಿತ ದಿನಾಂಕ ಸಿಕ್ಕಾಗ ಹಳೆಯದನ್ನು ಅಳಿಸದೆ ಪಕ್ಕದಲ್ಲಿ 'ಬೇರೆ ಮೂಲ' ಎಂಬ ಕಾಲಂ ಮಾಡಿ. ಆ ದಿನಾಂಕ ನಿಮ್ಮ ಎರಡು ಮಿತಿಗಳ ನಡುವೆ ಬಿದ್ದರೆ ಲೆಕ್ಕ ಸರಿ. ಹೊರಗೆ ಬಿದ್ದರೆ ಒಂದೋ ಲೆಕ್ಕ ತಪ್ಪಿದೆ, ಇಲ್ಲವೇ ಎರಡು ಮೂಲಗಳೊಳಗೇ ಭಿನ್ನಾಭಿಪ್ರಾಯವಿದೆ. ಎರಡನೆಯದಾದರೆ ಅಸೈನ್‌ಮೆಂಟಿಗೆ ಒಂದು ಒಳ್ಳೆಯ ಪ್ಯಾರಾ ಸಿಕ್ಕಿತು.

ಶಕ ವರ್ಷ, ತುಳು ತಿಂಗಳು ಬಂದಾಗ

ಶಾಸನ, ಕಡತಗಳಲ್ಲಿ ಶಕ ವರ್ಷವಿದ್ದರೆ 78 ಕೂಡಿಸುವುದು ಎಲ್ಲರಿಗೂ ಗೊತ್ತು. ಜನವರಿಯಿಂದ ಹೊಸ ವರ್ಷದವರೆಗಿನ ದಿನಗಳಿಗೆ 79 ಎಂಬುದು ಮರೆತುಹೋಗುತ್ತದೆ. ಶೋಭಕೃತು ಸಂವತ್ಸರ, ಶಕ 1705 ಎಂದರೆ 1783-84. ಪಡೆ ಕೋಟೆ ಬಿಟ್ಟುಕೊಟ್ಟ 1784ರ ಜನವರಿಯೂ ಅದೇ ಶಕ ವರ್ಷದೊಳಗೇ ಬರುತ್ತದೆ, ಬರೇ 78 ಕೂಡಿಸಿದರೆ ಒಂದು ವರ್ಷ ಹಿಂದೆ ಬೀಳುತ್ತದೆ. ಸಂವತ್ಸರದ ಹೆಸರು ಮಾತ್ರ ಇದ್ದರೆ ಅರುವತ್ತು ವರ್ಷಕ್ಕೊಮ್ಮೆ ಮರಳುವುದರಿಂದ ಯಾವ ಸುತ್ತಿನದು ಎಂದು ಬೇರೆ ಆಧಾರದಿಂದ ನೋಡಬೇಕು.

ಪಗ್ಗು, ಬೇಶ, ಆಟಿ, ಸೋಣ ಎಂದು ಸೌರ ತಿಂಗಳು ಬಂದರೆ ಇವತ್ತಿನ ಕ್ಯಾಲೆಂಡರಿನ ಸಂಕ್ರಮಣದ ದಿನಾಂಕವನ್ನು ಹಾಗೆಯೇ ಅಂಟಿಸಬೇಡಿ. ಸ್ವಾಮಿ ವಿವೇಕಾನಂದರು ಹುಟ್ಟಿದ 1863ರ ಜನವರಿ 12 ಮಕರ ಸಂಕ್ರಾಂತಿಯ ದಿನವಾಗಿತ್ತು. ಈಗ ಅದು 14ಕ್ಕೋ 15ಕ್ಕೋ ಬರುತ್ತದೆ. ಹದಿನೆಂಟನೇ ಶತಮಾನಕ್ಕೆ ಹೋದರೆ ವ್ಯತ್ಯಾಸ ಮೂರು ನಾಲ್ಕು ದಿನವಾಗುತ್ತದೆ. ಹಾಗಾಗಿ ಅಂಥ ಸಾಲುಗಳ ಮೊದಲ ಮಿತಿಯನ್ನು ಅಷ್ಟು ದಿನ ಹಿಂದಕ್ಕೆ ಎಳೆದಿಡಿ.

ಒಪ್ಪಿಸುವ ಪ್ರತಿಯಲ್ಲಿ ಎರಡು ಮಿತಿಗಳನ್ನು ಓದುವ ಮಾತಿಗೆ ತಿರುಗಿಸಬಹುದು: '1783, ಮೇ ಉತ್ತರಾರ್ಧ', '1784, ಮಾರ್ಚ್ 5ರಿಂದ 19ರ ನಡುವೆ (ಲೆಕ್ಕ)'. ಪುಟಸಂಖ್ಯೆಯ ಕಾಲಂ ಉಳಿಯಲಿ. ಮಿತಿಗಳಿರುವ ಪೂರ್ಣ ಪಟ್ಟಿಯನ್ನು ಕೊನೆಗೆ ಅನುಬಂಧವಾಗಿ ಲಗತ್ತಿಸಿದರೆ, 'ಈ ದಿನಾಂಕ ಎಲ್ಲಿಂದ ಬಂತು' ಎಂದು ವೈವಾದಲ್ಲಿ ಕೇಳಿದಾಗ ಬೆರಳಿಟ್ಟು ತೋರಿಸಬಹುದು.