ಸ್ಪಾನ್ಸರ್ಡ್ ಕ್ಯಾರಸೆಲ್: 'ಜಾಹೀರಾತು' ಅಂತ ಎಲ್ಲಿ ಬರೆಯಬೇಕು, ಯಾವ ಮಾತು ಬಿಡಬೇಕು

ದುಡ್ಡು ತಗೊಂಡು ಮಾಡಿದ ಪೋಸ್ಟ್ ಅಂತ ಕೊನೆಯ ಸ್ಲೈಡಿನಲ್ಲಿ ಸಣ್ಣ ಅಕ್ಷರದಲ್ಲಿ ಹಾಕಿ ಸುಮ್ಮನಾಗುವವರನ್ನು ಜಾಸ್ತಿ ನೋಡಿದ್ದೇನೆ. ಅಲ್ಲಿಯವರೆಗೆ ಎಲ್ಲರೂ ಸರಿಸಿಕೊಂಡು ಹೋಗುವುದಿಲ್ಲ, ಅಲ್ವಾ? ಫೇಸ್ ಸೀರಮ್ ಒಂದರ ಬಗ್ಗೆ ಇನ್‌ಸ್ಟಾಗ್ರಾಮ್‌ಗೆ 8 ಸ್ಲೈಡ್ ಮಾಡುತ್ತಿದ್ದೀರಿ ಅಂತಿಟ್ಟುಕೊಳ್ಳಿ.

ಮೊದಲು ಪೇಯ್ಡ್ ಪಾರ್ಟ್‌ನರ್‌ಶಿಪ್ ಲೇಬಲ್ ಆನ್ ಮಾಡಿ. ದುಡ್ಡು ಬರದೆ ಬರೀ ಬಾಟಲಿ ಪುಕ್ಕಟೆ ಬಂದಿದ್ದರೂ ಹಾಕಿ.

ಅದೊಂದನ್ನೇ ನಂಬಬೇಡಿ. ಯಾರಾದರೂ ಸ್ಲೈಡನ್ನು ಸ್ಕ್ರೀನ್‌ಶಾಟ್ ತೆಗೆದು ಚಿತ್ರವನ್ನಷ್ಟೇ ಕತ್ತರಿಸಿ ಕಳಿಸಿದರೆ ಲೇಬಲ್ ಹೋಗಿಬಿಡುತ್ತದೆ. ಹಾಗಾಗಿ ಮೊದಲ ಸ್ಲೈಡಿನ ಮೇಲೆ, ಆಮೇಲೆ ಸೀರಮ್‌ನ ಗುಣ ಹೇಳುವ ಪ್ರತಿ ಸ್ಲೈಡಿನ ಮೇಲೆ 'ಜಾಹೀರಾತು' ಅಂತ ಬರೆಯಿರಿ. ಎಡಗಡೆ ಮೇಲೆ ಇರಲಿ. ಬಲಗಡೆ ಮೇಲೆ 1/8 ಅನ್ನುವ ಸಂಖ್ಯೆ ಬಂದು ಮುಚ್ಚುತ್ತದೆ. #sp, #collab ಬೇಡವೇ ಬೇಡ, ಅವುಗಳ ಅರ್ಥ ಓದುಗರಿಗೆ ಗೊತ್ತಾಗುವುದಿಲ್ಲ. ಕ್ಯಾಪ್ಶನ್ನಿನಲ್ಲೂ ಮೊದಲ ಪದವೇ 'ಜಾಹೀರಾತು' ಆಗಿರಲಿ, ಉಳಿದದ್ದು ಮಡಚಿಕೊಂಡಿರುತ್ತದೆ.

ಎಡವುವುದು ಇದರ ನಂತರ. ಕಂಪನಿ ಕಳಿಸಿದ ಬರಹದಲ್ಲಿ '4 ವಾರದಲ್ಲಿ 92% ಜನರ ಕಲೆ ಮಾಯ' ಅಂತಿದೆ ಅಂದುಕೊಳ್ಳಿ. ಅದನ್ನು ಹಾಗೇ ಅಂಟಿಸುವ ಮೊದಲು ವರದಿ ಕೇಳಿ. ತೆರೆದು ನೋಡಿದರೆ 25 ಜನ ಸೀರಮ್ ಹಚ್ಚಿದ್ದಾರೆ, ಅವರಲ್ಲಿ 23 ಮಂದಿ 'ಮುಖ ಹೊಳೆಯುತ್ತಿದೆ ಅನಿಸಿತು' ಅಂತ ಪ್ರಶ್ನಾವಳಿಯಲ್ಲಿ ಟಿಕ್ ಹಾಕಿದ್ದಾರೆ. ಲೆಕ್ಕ 92% ಸರಿಯೇ. ಆದರೆ ಕಲೆಯನ್ನು ಯಾರೂ ಅಳೆದಿಲ್ಲ, ಸೀರಮ್ ಹಚ್ಚದವರ ಜೊತೆ ಹೋಲಿಸಿಯೂ ಇಲ್ಲ. ಆಗ ಸ್ಲೈಡಿನಲ್ಲಿ ಹೀಗೆ ಬರೆಯಿರಿ: 'ಕಂಪನಿ ನಡೆಸಿದ ಸಮೀಕ್ಷೆಯಲ್ಲಿ, 4 ವಾರ ಬಳಸಿದ 25 ಜನರಲ್ಲಿ 23 ಮಂದಿ ಮುಖ ಹೊಳೆಯುತ್ತಿದೆ ಅನಿಸಿತು ಎಂದರು.' ಈ ವಿವರ ದೊಡ್ಡ ಅಕ್ಷರದಲ್ಲೇ ಇರಲಿ, ನಕ್ಷತ್ರ ಹಾಕಿ ಕೆಳಗೆ ಸಣ್ಣದಾಗಿ ತುರುಕಬೇಡಿ. ವರದಿ ಕೊಡದಿದ್ದರೆ ಆ ಸ್ಲೈಡನ್ನೇ ತೆಗೆದುಬಿಡಿ, ನಾನಂತೂ ಇದರಲ್ಲಿ ಚೌಕಾಸಿ ಮಾಡುವುದಿಲ್ಲ. 'ಚರ್ಮತಜ್ಞರು ಪರೀಕ್ಷಿಸಿದ್ದು' ಅನ್ನುವುದೂ ಹೀಗೆಯೇ. ಏನನ್ನು ಪರೀಕ್ಷಿಸಿದರು, ಏನು ಕಂಡಿತು ಅಂತ ಆ ಮಾತು ಹೇಳುವುದೇ ಇಲ್ಲ.

ಮೊದಲು-ನಂತರದ ಫೋಟೋ ಹಾಕುವುದಾದರೆ ಎರಡನ್ನೂ ಅದೇ ಕಿಟಕಿಯ ಪಕ್ಕ, ಅದೇ ಹೊತ್ತಿನಲ್ಲಿ, ಫಿಲ್ಟರ್ ಇಲ್ಲದೆ ತೆಗೆಯಿರಿ. 'ನಂತರ' ಭಾಗವನ್ನು ತಾನಾಗಿಯೇ ಬೆಳಗಿಸುವ ರೆಡಿಮೇಡ್ ಟೆಂಪ್ಲೇಟ್‌ಗಳು ಸಿಗುತ್ತವೆ, ಅವನ್ನು ಮುಟ್ಟಲೇಬೇಡಿ. ಅದೇ ದಿನಗಳಲ್ಲಿ ಬೇರೆ ಕ್ರೀಮನ್ನೂ ಹಚ್ಚುತ್ತಿದ್ದರೆ ಅದನ್ನು ಫೋಟೋದ ಪಕ್ಕದಲ್ಲೇ ಬರೆಯಿರಿ. ನಿಮ್ಮ ಅನುಭವದಲ್ಲಿ ಆಗದೇ ಇದ್ದದ್ದನ್ನೂ ಸೇರಿಸಿ: 'ಮುಖ ಒಣಗುವುದು ಕಡಿಮೆಯಾಯಿತು, ಕಲೆ ಹಾಗೇ ಇದೆ.'

ಒಪ್ಪಿಗೆಗೆ ಕಳಿಸಿದಾಗ ಕಂಪನಿಯವರು 'ಜಾಹೀರಾತು' ಅನ್ನುವ ಪದ ಚಿಕ್ಕದು ಮಾಡಿ, 'ಕಲೆ ಹಾಗೇ ಇದೆ' ಅನ್ನುವ ಮಾತು ತೆಗೆಯಿರಿ ಅನ್ನಬಹುದು. ಆಗ ಜಗ್ಗಾಡುವ ಬದಲು ಆ ಪದದ ಜಾಗ, ಅಳತೆ ಮತ್ತು ಅನುಭವದ ಮಾತು ನಿಮ್ಮದೇ ಅನ್ನುವುದನ್ನು ಮುಂಗಡ ತಗೊಳ್ಳುವ ಮೊದಲೇ ಒಪ್ಪಂದದಲ್ಲಿ ಬರೆಸಿಕೊಳ್ಳಿ.