ಕೋರಂ ಎರಡು ಸಲ ಎಣಿಸಿದ ನನ್ನ ಅನುಭವ

ನಮ್ದು ಜಮಖಂಡಿ ಕಡೆ ಸಣ್ಣ ಪತ್ತಿನ ಸಂಘ. ಡೈರೆಕ್ಟರು 13 ಮಂದಿ, ಬೈಲಾ ಪ್ರಕಾರ ಕೋರಂ, ಅಂದ್ರ ಸಭೆ ನಡಿಯಾಕ ಕಮ್ಮಿ ಅಂದ್ರೂ ಇರಬೇಕಾದ ಮಂದಿ, 7. ಸ್ವಂತದ್ದೋ ಮನಿ ಮಂದೀದೋ ವಿಷಯ ಬಂದ್ರ ಆ ಡೈರೆಕ್ಟರನ್ನ ಆ ಠರಾವಿಗೆ ಲೆಕ್ಕಕ್ಕ ಹಿಡಿಯೂಹಂಗಿಲ್ಲ. ನಿಮ್ಮ ಬೈಲಾ ಬ್ಯಾರೆ ಇದ್ದೀತು, ತಗದು ನೋಡ್ಕೊಳ್ರಿ.

ಸಭೆ ನಡಾವಳಿ ಬರಿಯೂವಾಗ ನಾನೂ ಮೊದಲ ಎಲ್ಲಾರಹಂಗ "ಕೋರಂ ಭರ್ತಿ ಇದ್ದು ಸಭೆ ಪ್ರಾರಂಭಿಸಲಾಯಿತು" ಅಂತ ಒಂದ ಲೈನ್ ಹೊಡದು ಮುಂದ ಹೋಗಾಂವ. ಒಂದ ವರ್ಷ ಆಡಿಟರ್ ಬಂದು ಸಹಿ ಎಣಿಸಿದ್ರು, ಏಳ. ಅದರಾಗ ಒಂದು ಸಾಲ ಕೇಳಿದವನ ಅಣ್ಣಂದು. ಏಳರಾಗ ಒಂದ ಹೋದ್ರ ಆರ, ಠರಾವ ನಿಲ್ಲಲಿಲ್ಲ, ಆದ್ರ ಸುಮಾರ 4 ಲಕ್ಷ ಸಾಲ ಆಗಲೇ ಕೊಟ್ಟ ಬಿಟ್ಟಿದ್ವಿ! ಮತ್ತ ಸಭೆ ಕರದು ಹೊಸ ಠರಾವ ಮಾಡೂದು, ವಕೀಲರ ಫೀ, ಭತ್ಯೆ, ಎಲ್ಲಾ ಕೂಡಿ ನಾಕೈದು ಸಾವಿರ ಕೈ ಬಿಟ್ಟಿತು. ಬೈಸ್ಕೊಂಡಿದ್ದು ಬ್ಯಾರೆ.

ಆಮ್ಯಾಲೆ ಮೊಬೈಲ್‌ನಾಗ ರೆಕಾರ್ಡ್ ಮಾಡಿ ನೋಡಿದೆ, ಫ್ಯಾನಿನ ಸಪ್ಪಳ ಬಿಟ್ಟು ಏನೂ ಕೇಳಲಿಲ್ಲ. ವಾಟ್ಸಾಪ್‌ನಾಗ "ಬರ್ತೀರಿ?" ಅಂತ ಕೇಳಿದ್ರ ಹನ್ನೊಂದು ಮಂದಿ ಹೆಬ್ಬಟ್ಟ ಒತ್ತತಾರ, ಬರೂದು ಎಂಟ ಮಂದಿ.

ಈಗ ಹಿಂಗ ಬರೀತೀನಿ. ಹಾಜರಿದ್ದವರ ಹೆಸರು, ತಡಾ ಬಂದವರ ಟೈಮು. ಗೈರು ಎರಡ ಥರ: "ಬೆಳಿಗ್ಗೆ 9ಕ್ಕೆ ಫೋನ್ ಮಾಡಿ ರಜೆ ಕೇಳಿದ್ದಾರೆ, ಸಭೆ ಮಂಜೂರು ಮಾಡಿದೆ" ಒಂದು, "ತಿಳಿಸದೆ ಗೈರು" ಇನ್ನೊಂದು. ಕೇಳೂದು ಬ್ಯಾರೆ, ಮಂಜೂರಾಗೂದು ಬ್ಯಾರೆ. ನಮ್ಮಲ್ಲಿ ಸತತ ಮೂರು ಸಭೆ ತಿಳಿಸದೆ ತಪ್ಪಿಸಿದ್ರ ಸ್ಥಾನಕ್ಕ ಸಂಚಕಾರ, ಅದಕ್ಕ ಈ ಒಂದ ಶಬ್ದದ ಸಲುವಾಗಿ ನನ್ನ ಕೂಡ ಜಗಳ ತಗದಾರ.

ಮೂರನೇದ್ದು ಹಿತಾಸಕ್ತಿ, ಅಂದ್ರ ಯಾವದರ ವಿಷಯದಾಗ ಡೈರೆಕ್ಟರಿಗೆ ಸ್ವಂತದ್ದೋ ಮನಿ ಮಂದೀದೋ ಸಂಬಂಧ ಐತೇನು ಅನ್ನೂದು. ಅಧ್ಯಕ್ಷರು ಅಜೆಂಡಾ ಓದಿ ಕೇಳ್ತಾರ, ಯಾರೂ ಇಲ್ಲಂದ್ರ "ಯಾರೂ ಘೋಷಿಸಿಲ್ಲ" ಅಂತನೂ ಬರೀತೀನಿ, ಖಾಲಿ ಬಿಟ್ರ ಕೇಳೇ ಇಲ್ಲ ಅಂತ ಅರ್ಥ ಆಗತೈತಿ. ಇದ್ರ ವಿಷಯದ ನಂಬರ್, ಸಂಬಂಧ ಎರಡೂ. "ಹಿತಾಸಕ್ತಿ ಐತಿ" ಅಂತ ಅಷ್ಟ ಬರದ್ರ ಸಾಲಂಗಿಲ್ಲ.

ಹೋದ ಸಭೇದಾಗ ಎಂಟ ಮಂದಿ. ಶುರುವಿನ್ಯಾಗ ಒಬ್ಬ ಡೈರೆಕ್ಟರ ಹೆಸರ ಹಾಕಿ "ವಿಷಯ 5, ಅರ್ಜಿದಾರರು ತಮ್ಮ ಸ್ವಂತ ತಮ್ಮ ಎಂದು ಘೋಷಿಸಿದರು" ಅಂತ ಬರದೆ. ಐದನೇ ವಿಷಯ ಬಂದಾಗ ಮತ್ತ: "12.10ಕ್ಕೆ ಹೊರಗೆ ಹೋದರು, ಉಳಿದವರು 7, ಕೋರಂ ಇದೆ, 12.25ಕ್ಕೆ ಮರಳಿದರು." ಅಷ್ಟರಾಗ ಇನ್ನೊಬ್ಬರು ಕಬ್ಬಿನ ಗಾಡಿ ಬಂತಂತ ಎದ್ದಿದ್ರು, ಕೈ ಹಿಡದು ಕೂಡಿಸ್ದೆ, ಅವರು ಹೋಗಿದ್ರ ಅಲ್ಲಿಗೇ ಆರ ಆಗತಿತ್ತು. ಅದಕ್ಕ ಇಂಥಾ ವಿಷಯ ಈಗ ಅಜೆಂಡಾದಾಗ ಮ್ಯಾಲೆ ಹಾಕ್ತೀನಿ, ಮಂದಿ ತುಂಬಿರತಾರ. ಸಂಬಂಧ ಬಾಯಿ ಬಿಡಸೂ ನನ್ನ ಯುಕ್ತಿ ಮಾತ್ರ ಇಲ್ಲಿ ಹೇಳಂಗಿಲ್ಲ, ನಮ್ಮ ಡೈರೆಕ್ಟರೂ ಇದನ್ನ ಓದತಾರ.

"ಬರಿಯೂದರಾಗ ಏನ್ ಐತ್ರಿ ಸಾಹೇಬ್ರ" ಅಂತಿದ್ದ ಕ್ಲಾರ್ಕು ಈ ಸಲ ಆಡಿಟರ್ ಆ ಪುಟ ತಿರುವಿ ಹಾಕಿ ಮುಂದ ಹೋಗಿದ್ದು ನೋಡಿ, ಮರುದಿನ ಗೋಡೆ ಗಡಿಯಾರಕ್ಕ ಹೊಸ ಸೆಲ್ ಹಾಕಿದ.